ಎಸ್‌ಪ್ರೆಸೊ ಯಂತ್ರವನ್ನು ಹದಕ್ಕೆ ತರುವ ಕ್ರಮ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬಂದುಹೋಗುವ ತರುಣರಲ್ಲಿ ಕೆಲವರು ಈಚೆಗೆ ನಗರದ ಕಾಫಿ ಅಂಗಡಿಗಳಲ್ಲಿ ಕೆಲಸಕ್ಕೆ ಸೇರುತ್ತಿದ್ದಾರೆ. ಊರಿನ ಮನೆಯಲ್ಲಿ ಫಿಲ್ಟರಿನಿಂದ ಡಿಕಾಕ್ಷನ್ ಇಳಿಸಿ ಅಭ್ಯಾಸವಿದ್ದವರಿಗೂ ಎಸ್‌ಪ್ರೆಸೊ ಯಂತ್ರದ ಮುಂದೆ ನಿಂತಾಗ ಮೊದಲ ವಾರ ಕೈ ಓಡುವುದಿಲ್ಲ. ನಿನ್ನೆ ಸಂಜೆ ರುಚಿಯಾಗಿ ಬರುತ್ತಿದ್ದ ಕಾಫಿ ಇಂದು ಬೆಳಿಗ್ಗೆ ಹುಳಿಯಾಗಿ ಬರುತ್ತದೆ. ಯಂತ್ರವೂ ಅದೇ, ಬೀಜವೂ ಅದೇ. ಗಿರಾಕಿ ಕಪ್ಪನ್ನು ಹಿಂದಕ್ಕೆ ಸರಿಸುತ್ತಾನೆ. ಹೊಸಬನು ಗಾಬರಿಯಿಂದ ಗ್ರೈಂಡರನ್ನು ತಿರುಗಿಸುತ್ತಾನೆ, ಪುಡಿಯನ್ನೂ ಹೆಚ್ಚು ಹಾಕುತ್ತಾನೆ, ಇನ್ನೂ ಬಲವಾಗಿ ಒತ್ತುತ್ತಾನೆ. ಮುಂದಿನ ಕಾಫಿ ಬೇರೆ ಬಗೆಯಲ್ಲಿ ಕೆಡುತ್ತದೆ. ಮೂರನ್ನೂ ಒಟ್ಟಿಗೆ ಬದಲಾಯಿಸಿದ ಮೇಲೆ ಕೆಟ್ಟದ್ದು ಯಾವುದರಿಂದ ಎಂದು ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಪರೀಕ್ಷೆಯ ಅವಧಿಯ ಮೇಲೆ ಕೆಲಸಕ್ಕೆ ಸೇರಿದವನಿಗೆ ಇಂಥ ನಾಲ್ಕು ಬೆಳಗುಗಳು ಬಂದರೆ ಕೆಲಸಕ್ಕೇ ಸಂಚಕಾರ ಬಂದೀತು.

ಈ ಪಾಠದಲ್ಲಿ ನಾವು ಹೇಳಬೇಕೆಂದಿರುವ ಮಾತು ಒಂದೇ. ಪುಡಿಯ ತೂಕವನ್ನು ನಿಲ್ಲಿಸಿಕೊಳ್ಳಿರಿ, ಇಳಿದ ಕಾಫಿಯ ತೂಕವನ್ನು ನಿಲ್ಲಿಸಿಕೊಳ್ಳಿರಿ. ಪುಡಿ ಎಷ್ಟು ನುಣ್ಣಗಿರಬೇಕು ಎಂಬುದೊಂದನ್ನೇ ಬದಲಾಯಿಸುತ್ತ ಹೋಗಿರಿ. ಗಡಿಯಾರ ದಾರಿ ತೋರಿಸುತ್ತದೆ, ನಾಲಿಗೆ ತೀರ್ಪು ಕೊಡುತ್ತದೆ. ಅಂಗಡಿಯವರು ‘ಡಯಲ್ ಇನ್’ ಎನ್ನುವುದು ಇದಕ್ಕೇ.

ಒತ್ತಡದ ಕಾಫಿ

ನಮ್ಮ ಫಿಲ್ಟರಿನಲ್ಲಿ ಬಿಸಿನೀರು ತನ್ನ ಭಾರದಿಂದಲೇ ಪುಡಿಯ ನಡುವೆ ಹನಿಹನಿಯಾಗಿ ಇಳಿಯುತ್ತದೆ. ಅದಕ್ಕೆ ಹತ್ತಿಪ್ಪತ್ತು ನಿಮಿಷ ಬೇಕು. ಎಸ್‌ಪ್ರೆಸೊದಲ್ಲಿ ಅದೇ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯಬೇಕು. ಆದುದರಿಂದ ನೀರನ್ನು ಒತ್ತಡದಿಂದ ನುಗ್ಗಿಸಬೇಕಾಗುತ್ತದೆ. ಇಟಲಿಯ ಮಿಲಾನಿನ ಲುಯಿಜಿ ಬೆಜ್ಜೇರ ಎಂಬವರು 1901ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಈ ಕೆಲಸವನ್ನು ಹಬೆಯ ಒತ್ತಡವೇ ಮಾಡುತ್ತಿತ್ತು. ಅದರ ಬಲ ಸಾಧಾರಣ. ಎರಡನೆಯ ಮಹಾಯುದ್ಧದ ನಂತರ ಅದೇ ಊರಿನ ಅಕಿಲೆ ಗಾಜ್ಜಿಯಾ ಅವರ ಸನ್ನೆಕೋಲಿನ ಯಂತ್ರ ಒತ್ತಡವನ್ನು ಎಷ್ಟೋ ಪಟ್ಟು ಏರಿಸಿತು; ಕಾಫಿಯ ಮೇಲೆ ಕಂದುಬಣ್ಣದ ನೊರೆ ನಿಲ್ಲತೊಡಗಿದ್ದು ಅಲ್ಲಿಂದ. 1961ರಲ್ಲಿ ಬಂದ ಫಾಯೆಮಾ ಕಂಪನಿಯ ಇ-61 ಯಂತ್ರ ಈ ಕೆಲಸವನ್ನು ಮೋಟಾರಿನ ಪಂಪಿಗೆ ವಹಿಸಿತು. ಇಂದು ಅಂಗಡಿಗಳಲ್ಲಿರುವ ಯಂತ್ರಗಳು ಸಾಮಾನ್ಯವಾಗಿ 9 ಬಾರ್, ಎಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಒಂಬತ್ತು ಪಟ್ಟು ಬಲದಿಂದ ನೀರನ್ನು ತಳ್ಳುತ್ತವೆ.

ಇಷ್ಟು ಬಲದಿಂದ ಬರುವ ನೀರನ್ನು ತಡೆದು ನಿಧಾನಿಸುವುದು ಯಾವುದು? ಬಾಸ್ಕೆಟಿನಲ್ಲಿ ಒತ್ತಿಟ್ಟ ಪುಡಿಯ ಬಿಲ್ಲೆಯೊಂದೇ. ಪುಡಿ ದಪ್ಪವಾಗಿದ್ದರೆ ಕಣಗಳ ನಡುವೆ ಸಂದು ಹೆಚ್ಚು. ನೀರು ಸರ್ರನೆ ಹಾದುಹೋಗುತ್ತದೆ. ಪುಡಿ ನುಣ್ಣಗಿದ್ದರೆ ಸಂದು ಕಡಮೆ. ನೀರು ತಡವಾಗಿ ಇಳಿಯುತ್ತದೆ, ಜೊತೆಗೆ ಪ್ರತಿಯೊಂದು ಕಣದಿಂದ ಹೆಚ್ಚು ಸಾರವನ್ನೂ ಎಳೆದುಕೊಳ್ಳುತ್ತದೆ. ಕಾಫಿಯ ಪುಡಿಯಿಂದ ಹುಳಿ ಬೇಗ ಬಿಡುತ್ತದೆ. ಸಿಹಿಯೂ ಮೈಯೂ ಅದರ ಹಿಂದೆ ಬರುತ್ತವೆ. ಕಹಿಯೂ ಒಗರೂ ಕಡೆಯಲ್ಲಿ ಮುಂದಾಗುತ್ತವೆ. ಆದಕಾರಣ ನೀರು ಬೇಗ ಓಡಿದರೆ ಕಪ್ಪಿನಲ್ಲಿ ಹುಳಿ ಮಾತ್ರ ಉಳಿಯುತ್ತದೆ, ಬಹಳ ಹೊತ್ತು ನಿಂತರೆ ಕಹಿ ಮೇಲಾಗುತ್ತದೆ. ಗ್ರೈಂಡರಿನ ಸಣ್ಣದೊಂದು ತಿರುಗಣೆಗೆ ಇಷ್ಟು ಬೆಲೆ ಬಂದಿರುವುದು ಇದರಿಂದಲೇ.

ಎರಡು ತೂಕಗಳು

ಮೊದಲನೆಯದು ಒಣ ಪುಡಿಯ ತೂಕ. ಇದನ್ನು ಡೋಸ್ ಎನ್ನುವರು. ಇದನ್ನು ನಿರ್ಣಯಿಸುವುದು ಬಾಸ್ಕೆಟಿನ ಅಳತೆಯೇ ಹೊರತು ನಮ್ಮ ಇಷ್ಟವಲ್ಲ. 18 ಗ್ರಾಮಿಗೆಂದು ಮಾಡಿದ ಬಾಸ್ಕೆಟಿಗೆ 18 ಗ್ರಾಂ ಹಾಕಬೇಕು. 21 ಗ್ರಾಂ ತುರುಕಿದರೆ ಬಿಲ್ಲೆಯ ಮೇಲೆ ನೀರು ಹರಡಿಕೊಳ್ಳಲು ಜಾಗವಿರುವುದಿಲ್ಲ. 14 ಗ್ರಾಂ ಹಾಕಿದರೆ ಬಿಲ್ಲೆ ತೆಳ್ಳಗಾಗಿ ಬೇಗ ಒಡೆಯುತ್ತದೆ. ಪೋರ್ಟಾಫಿಲ್ಟರನ್ನು, ಎಂದರೆ ಹಿಡಿಯುಳ್ಳ ಸೌಟನ್ನು, ಬರಿದಾಗಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ಪುಡಿ ತುಂಬಿದ ಮೇಲೆ ಮತ್ತೆ ಇಟ್ಟು ನೋಡತಕ್ಕದ್ದು. ಗ್ರಾಮಿನ ಹತ್ತನೆಯ ಒಂದು ಭಾಗ ತೋರಿಸುವ ಸಣ್ಣ ತಕ್ಕಡಿ ಸಾಕು. ಗ್ರೈಂಡರಿಗೆ ಕಟ್ಟಿರುವ ಗಡಿಯಾರವನ್ನು ನಂಬಿ ತೂಗದೆ ಬಿಡುವವರುಂಟು. ಆ ಗಡಿಯಾರ ಅಳೆಯುವುದು ಸೆಕೆಂಡುಗಳನ್ನು, ಗ್ರಾಂಗಳನ್ನಲ್ಲ. ಪುಡಿ ನುಣ್ಣಗಾದಂತೆ ಅಷ್ಟೇ ಸೆಕೆಂಡಿನಲ್ಲಿ ಬೀಳುವ ಪುಡಿ ಕಡಮೆಯಾಗುತ್ತದೆ.

ಎರಡನೆಯದು ಕಪ್ಪಿಗೆ ಇಳಿದ ಕಾಫಿಯ ತೂಕ. ಕಣ್ಣಳತೆ ಇಲ್ಲಿ ಕೆಲಸಕ್ಕೆ ಬಾರದು. ಏಕೆಂದರೆ ಮೇಲಿನ ನೊರೆ ಒಂದು ದಿನ ಎರಡು ಬೆರಳು ನಿಲ್ಲುತ್ತದೆ, ಇನ್ನೊಂದು ದಿನ ಅರ್ಧ ಬೆರಳು. ಹೊಸದಾಗಿ ಹುರಿದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿರುವುದರಿಂದ ನೊರೆ ಉಬ್ಬುತ್ತದೆ. ರೋಬಸ್ಟಾ ಬೀಜ ಬೆರೆಸಿದ್ದರೂ ನೊರೆ ದಪ್ಪಗಿರುತ್ತದೆ. ಕಪ್ಪನ್ನು ತಕ್ಕಡಿಯ ಮೇಲೆಯೇ ಇಟ್ಟು ಯಂತ್ರದ ಕೆಳಗೆ ಸರಿಸಿ, ಸೊನ್ನೆಗೆ ತಂದು ಗುಂಡಿ ಒತ್ತಬೇಕು. ಪುಡಿಯ ಎರಡರಷ್ಟು, ಅಂದರೆ 18ಕ್ಕೆ 36 ಗ್ರಾಂ, ಪ್ರಾರಂಭಕ್ಕೆ ಒಳ್ಳೆಯ ಲೆಕ್ಕ. ಗುಂಡಿ ಆರಿಸಿದ ಮೇಲೂ ಎರಡು ಮೂರು ಗ್ರಾಂ ತೊಟ್ಟಿಕ್ಕುವುದುಂಟು. ಆದ್ದರಿಂದ 33 ಅಥವಾ 34 ಕಂಡಾಗಲೇ ನಿಲ್ಲಿಸತಕ್ಕದ್ದು.

ಹೊತ್ತನ್ನು ಎಣಿಸುವುದು ಗುಂಡಿ ಒತ್ತಿದ ಕ್ಷಣದಿಂದ. ಮೊದಲ ಹನಿ ಬೀಳುವಾಗಿನಿಂದ ಎಣಿಸುವವರೂ ಇದ್ದಾರೆ. ಯಾವುದಾದರೂ ಒಂದನ್ನು ಹಿಡಿದು ಅಂಗಡಿಯವರೆಲ್ಲರೂ ಅದನ್ನೇ ಪಾಲಿಸಬೇಕು. ಗುಂಡಿಯಿಂದ ಎಣಿಸಿದರೆ 25ರಿಂದ 30 ಸೆಕೆಂಡಿನೊಳಗೆ 36 ಗ್ರಾಂ ಇಳಿಯುವುದು ಸಾಮಾನ್ಯವಾದ ಗುರಿ.

ಒಂದು ಬೆಳಗಿನ ಲೆಕ್ಕ

ಈಗ ಇದನ್ನೆಲ್ಲ ಕೆಲಸಕ್ಕೆ ಹಚ್ಚೋಣ. ಚಿಕ್ಕಮಗಳೂರಿನ ಅರಾಬಿಕಾ ಬೀಜ, ನಡುಹದವಾಗಿ ಹುರಿದದ್ದು, ಹುರಿದು ಹತ್ತು ದಿನವಾಗಿದೆ ಎಂದಿಟ್ಟುಕೊಳ್ಳೋಣ. ಹುರಿದ ಮಾರನೆಯ ದಿನವೇ ಬಳಸಿದರೆ ಒಳಗಿನ ಅನಿಲ ನೀರಿಗೆ ಅಡ್ಡಬಂದು ಹರಿವು ಏರುಪೇರಾಗುತ್ತದೆ. ಒಂದು ವಾರ ತಾಳಿ ತೆರೆಯುವುದು ಮೇಲು. ಗ್ರೈಂಡರಿನ ಗುರುತು 10ರಲ್ಲಿದೆ. ಅಂಕಿ ಇಳಿದಂತೆ ಪುಡಿ ನುಣ್ಣಗಾಗುವ ಗ್ರೈಂಡರ್ ಇದು. ಕೆಲವು ಗ್ರೈಂಡರುಗಳಲ್ಲಿ ಇದು ತಿರುಗುಮುರುಗಾಗಿರುವುದರಿಂದ ನಮ್ಮದು ಯಾವ ಕಡೆ ಎಂದು ಮೊದಲೇ ಕೇಳಿ ತಿಳಿಯಬೇಕು. ಯಂತ್ರವನ್ನು ಹಚ್ಚಿ ಅರ್ಧ ಗಂಟೆಯಾದರೂ ಕಾಯಿಸಬೇಕು. ಪೋರ್ಟಾಫಿಲ್ಟರೂ ಯಂತ್ರದಲ್ಲೇ ಸಿಕ್ಕಿಸಿದ್ದು ಬಿಸಿಯಾಗಿರಬೇಕು.

ಮೊದಲನೆಯ ಶಾಟ್. ಪುಡಿ 18 ಗ್ರಾಂ, ಕಾಫಿ 36 ಗ್ರಾಂ, ಹೊತ್ತು 17 ಸೆಕೆಂಡು. ಧಾರೆ ತೆಳ್ಳಗೆ, ಬಣ್ಣ ಬೇಗನೆ ಬಿಳಿಚಿಕೊಂಡಿತು. ಚಮಚದಿಂದ ಕಲಕಿ ಸ್ವಲ್ಪ ಆರಿಸಿ ಕುಡಿದರೆ ನಿಂಬೆಯ ಹುಳಿ, ಮೈಯಿಲ್ಲ, ನುಂಗಿದ ಮೇಲೆ ಬಾಯಲ್ಲಿ ಏನೂ ನಿಲ್ಲುವುದಿಲ್ಲ. ಕಲಕದೆ ರುಚಿ ನೋಡಬಾರದು. ಏಕೆಂದರೆ ಮೊದಲು ಇಳಿದ ಗಟ್ಟಿ ಭಾಗ ತಳದಲ್ಲಿರುತ್ತದೆ. ನೀರು ಬೇಗ ಓಡಿದೆ ಎಂಬುದು ಸ್ಪಷ್ಟ. ಗುರುತನ್ನು 8ಕ್ಕೆ ತರುತ್ತೇವೆ.

ಇಲ್ಲಿ ಒಂದು ಎಚ್ಚರಿಕೆ. ಗ್ರೈಂಡರಿನ ಕೊಳವೆಯಲ್ಲಿ ಹಳೆಯ ಹದದ ಪುಡಿ ಕೆಲವು ಗ್ರಾಂ ಉಳಿದಿರುತ್ತದೆ. ಅದನ್ನು ಕಳೆಯದೆ ಹಿಡಿದರೆ ಹಳೆಯದೂ ಹೊಸದೂ ಬೆರೆತು ಸುಳ್ಳು ಫಲ ಬರುತ್ತದೆ. ತಿರುಗಿಸಿದ ಮೇಲೆ ಐದಾರು ಗ್ರಾಂ ಬೀಸಿ ಚೆಲ್ಲತಕ್ಕದ್ದು. ಚೆಲ್ಲಲು ಮನಸ್ಸು ಬಾರದ ಹೊಸಬರು ಎರಡು ಶಾಟ್ ಹೆಚ್ಚು ಹಾಳುಮಾಡುತ್ತಾರೆ. ಲೆಕ್ಕದಲ್ಲಿ ಅದೇ ದುಬಾರಿ.

ಎರಡನೆಯ ಶಾಟ್, ಗುರುತು 8. ಅದೇ 18, ಅದೇ 36, ಹೊತ್ತು 23 ಸೆಕೆಂಡು. ಹುಳಿ ಇಳಿದಿದೆ, ಸ್ವಲ್ಪ ಮೈ ಬಂದಿದೆ, ಆದರೂ ಕಡೆಯಲ್ಲಿ ಚುರುಕು ಹುಳಿ ಉಳಿದಿದೆ. ಹೋಗುತ್ತಿರುವ ದಾರಿ ಸರಿ.

ಮೂರನೆಯದು, ಗುರುತು 6. ಅದೇ ತೂಕಗಳು, ಹೊತ್ತು 36 ಸೆಕೆಂಡು. ಮೊದಲ ಹನಿ ಬರಲು ಬಹಳ ತಡವಾಯಿತು. ರುಚಿ ಕಹಿ, ಅದಕ್ಕಿಂತ ಮುಖ್ಯವಾಗಿ, ಎಳೆಯ ಅಡಿಕೆ ಜಗಿದಂತೆ ನಾಲಿಗೆ ಒಗರಾಗಿ ಒಣಗುತ್ತದೆ. ಗುರಿ ದಾಟಿದೆವು. ಆದರೆ ಇದು ವ್ಯರ್ಥವಾದ ಶಾಟ್ ಅಲ್ಲ; ಬೇಕಾದದ್ದು 8ಕ್ಕೂ 6ಕ್ಕೂ ನಡುವೆ ಇದೆ ಎಂದು ಇದರಿಂದ ಖಚಿತವಾಯಿತು.

ನಾಲ್ಕನೆಯದು, ಗುರುತು 7. ಹೊತ್ತು 29 ಸೆಕೆಂಡು. ಧಾರೆ ಜೇನಿನಂತೆ ದಪ್ಪಗೆ ಸಮನಾಗಿ ಇಳಿಯಿತು. ಹುಳಿ ಇದೆ, ಆದರೆ ಮಾಗಿದ ಹಣ್ಣಿನ ಹುಳಿ. ಹಿಂದೆಯೇ ಬೆಲ್ಲದಂಥ ಸಿಹಿ. ನುಂಗಿದ ಮೇಲೂ ರುಚಿ ನಿಲ್ಲುತ್ತದೆ. ಇದನ್ನು ಕಾರ್ಡಿನಲ್ಲಿ ಬರೆದುಕೊಂಡು ಇನ್ನೊಂದು ಶಾಟ್ ಹಿಡಿದು, ಅದೂ ಹಾಗೆಯೇ ಬಂದರೆ ಅಂಗಡಿ ತೆರೆಯಬಹುದು. ಒಟ್ಟು ಖರ್ಚು ನಾಲ್ಕು ಶಾಟಿಗೆ 72 ಗ್ರಾಂ, ಚೆಲ್ಲಿದ್ದು ಸುಮಾರು 18, ಎಲ್ಲ ಸೇರಿ 90 ಗ್ರಾಂ ಬೀಜ.

ಗಡಿಯಾರಕ್ಕೂ ಒಂದು ಮಿತಿಯಿದೆ. ತಿಳಿಯಾಗಿ ಹುರಿದ ಬೀಜವಾದರೆ 29 ಸೆಕೆಂಡಿನಲ್ಲಿಯೂ ಹುಳಿ ಮಿಗಬಹುದು. ಆಗ ಗ್ರೈಂಡರನ್ನು ಹಾಗೆಯೇ ಬಿಟ್ಟು, ಕಾಫಿಯನ್ನು 36ರ ಬದಲು 40 ಗ್ರಾಮಿನವರೆಗೆ ಇಳಿಯಬಿಡಬೇಕು. ಕಪ್ಪಗೆ ಹುರಿದ ಬೀಜ ಬೇಗ ಕಹಿ ಬಿಡುವುದರಿಂದ 32ಕ್ಕೇ ನಿಲ್ಲಿಸಬೇಕಾದೀತು. ರುಚಿ ಸರಿಯಾಗಿದ್ದರೆ 24 ಸೆಕೆಂಡೆಂದು ಯಾರೂ ಹೆದರಬೇಕಾದದ್ದಿಲ್ಲ.

ಗ್ರೈಂಡರಿನದಲ್ಲದ ತಪ್ಪು

ಒಂದೇ ಕಪ್ಪಿನಲ್ಲಿ ಹುಳಿಯೂ ಒಗರೂ ಒಟ್ಟಿಗೆ ಬರುವುದುಂಟು. ಒಂದು ಶಾಟ್ 28 ಸೆಕೆಂಡು, ಅದೇ ಗುರುತಿನ ಮುಂದಿನದು 19 ಸೆಕೆಂಡು ಆಗುವುದೂ ಉಂಟು. ಆಗ ಗ್ರೈಂಡರನ್ನು ಮುಟ್ಟಬಾರದು. ತಪ್ಪು ಬಿಲ್ಲೆಯಲ್ಲಿದೆ. ನೀರು ಸುಲಭವಾದ ದಾರಿ ಹುಡುಕುತ್ತದೆ. ಕೆರೆಯ ಏರಿಯಲ್ಲಿ ಇಲಿಯ ಬಿಲ ಸಿಕ್ಕಿದಂತೆ, ಬಿಲ್ಲೆಯಲ್ಲಿ ಎಲ್ಲಿ ಸಡಿಲವಿದೆಯೋ ಅಲ್ಲಿಯೇ ಕೊರೆದುಕೊಂಡು ಓಡುತ್ತದೆ. ಆ ಕೊರಕಲಿನ ಪಕ್ಕದ ಪುಡಿ ಅತಿಯಾಗಿ ಸಾರ ಬಿಡುತ್ತದೆ, ಉಳಿದ ಪುಡಿ ಅರೆಬರೆಯಾಗಿ ಉಳಿಯುತ್ತದೆ. ಹುಳಿಯೂ ಒಗರೂ ಜೊತೆಗೂಡುವುದು ಹೀಗೆ.

ಇದಕ್ಕೆ ಪರಿಹಾರ ಕೈಯ ಕೆಲಸ. ಬಾಸ್ಕೆಟನ್ನು ಒಣಬಟ್ಟೆಯಿಂದ ಒರೆಸಬೇಕು. ಪುಡಿಯ ಗಂಟುಗಳನ್ನು ತೆಳುವಾದ ಕಡ್ಡಿಯಿಂದ ಬಿಡಿಸಿ, ಅಂಚಿನವರೆಗೂ ಸಮನಾಗಿ ಹರಡಬೇಕು. ಆಮೇಲೆ ಟ್ಯಾಂಪರನ್ನು ನೆಟ್ಟಗೆ ಇಟ್ಟು, ಪುಡಿ ಇನ್ನು ಕೆಳಗೆ ಹೋಗದು ಎನ್ನುವವರೆಗೆ ಒಮ್ಮೆ ಒತ್ತಿದರೆ ಸಾಕು. ಎಷ್ಟು ಬಲ ಎಂಬುದಕ್ಕಿಂತ ಒತ್ತುವಾಗ ವಾಲದಿರುವುದು ಮುಖ್ಯ. ವಾಲಿದ ಬಿಲ್ಲೆಯಲ್ಲಿ ನೀರು ತೆಳ್ಳಗಿನ ಪಕ್ಕಕ್ಕೆ ನುಗ್ಗುತ್ತದೆ. ಒತ್ತಿದ ಮೇಲೆ ಪೋರ್ಟಾಫಿಲ್ಟರನ್ನು ಟಕಟಕನೆ ಕುಟ್ಟಿದರೆ ಬಿಲ್ಲೆ ಬಿರುಕುಬಿಡುತ್ತದೆ.

ಹೊತ್ತು ಏರಿದಂತೆ ಹದ ಸರಿಯುವುದೂ ಸಹಜ. ಗಿರಾಕಿಗಳ ನೂಕುನುಗ್ಗಲಿನಲ್ಲಿ ಗ್ರೈಂಡರಿನ ಅಲಗುಗಳು ಬಿಸಿಯಾಗುತ್ತವೆ; ತೆರೆದಿಟ್ಟ ಬೀಜ ದಿನಕಳೆದಂತೆ ಅನಿಲ ಕಳೆದುಕೊಂಡು ನೀರನ್ನು ಬೇಗ ಬಿಡುತ್ತದೆ. ಆದುದರಿಂದ ಮಧ್ಯಾಹ್ನ ಒಮ್ಮೆ ತೂಗಿ, ಎಣಿಸಿ, ಕುಡಿದು ನೋಡಬೇಕು. ಮೂರು ನಾಲ್ಕು ಸೆಕೆಂಡು ಸರಿದಿದ್ದರೆ ಅರ್ಧ ಗುರುತಿನಷ್ಟು ತಿರುಗಿಸಿದರೆ ಸಾಕಾಗುತ್ತದೆ.

ಹಾಲಿನ ಹದ

ನಮ್ಮ ಊರಿನ ಹೋಟೆಲುಗಳಲ್ಲಿ ಕಾಫಿಯನ್ನು ಮೇಲಿನಿಂದ ಎತ್ತಿ ಹೊಯ್ದು ನೊರೆ ಬರಿಸುತ್ತಾರೆ. ಆ ನೊರೆಯ ಗುಳ್ಳೆ ಕಣ್ಣಿಗೆ ಕಾಣುತ್ತದೆ. ಇಲ್ಲಿ ಬೇಕಾದದ್ದು ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ಸಣ್ಣ ಗುಳ್ಳೆ. ಹಾಲು ಹೊಸದಾಗಿ ಬಳಿದ ಬಣ್ಣದಂತೆ ಹೊಳೆಯಬೇಕು. ನೊರೆಯನ್ನು ಹಿಡಿದು ನಿಲ್ಲಿಸುವುದು ಹಾಲಿನ ಪ್ರೋಟೀನು. ಬಾಯಿಗೆ ದಪ್ಪ ಕೊಡುವುದು ಕೊಬ್ಬು. 3ರಷ್ಟು ಶೇಕಡಾ ಕೊಬ್ಬಿನ ಟೋನ್ಡ್ ಹಾಲಿನಲ್ಲೂ ನೊರೆ ಚೆನ್ನಾಗಿಯೇ ಬರುತ್ತದೆ. 6ರಷ್ಟಿರುವ ಫುಲ್‌ಕ್ರೀಮ್ ಹಾಲು ಹೆಚ್ಚು ನುಣುಪು, ಆದರೆ ಕಾಫಿಯ ರುಚಿಯನ್ನು ಅಷ್ಟೇ ಮುಚ್ಚುತ್ತದೆ.

ಹಾಲು ಫ್ರಿಜ್ಜಿನಿಂದ ತೆಗೆದ ತಣ್ಣನೆಯದೇ ಆಗಿರಬೇಕು. ತಣ್ಣಗಿದ್ದಷ್ಟೂ ಕೆಲಸ ಮಾಡಲು ಹೊತ್ತು ಸಿಗುತ್ತದೆ. ಜಗ್ಗಿನ ಮೂತಿ ಶುರುವಾಗುವ ಮಟ್ಟಕ್ಕಿಂತ ಸ್ವಲ್ಪ ಕೆಳಗಿನವರೆಗೆ ತುಂಬಿರಿ. ಹಬೆಯ ಕೊಳವೆಯಲ್ಲಿ ನಿಂತ ನೀರನ್ನು ಮೊದಲು ಹೊರಗೆ ಊದಿಸಿ ಕಳೆಯಿರಿ. ಆಮೇಲೆ ಕೊಳವೆಯ ತುದಿಯನ್ನು ಹಾಲಿನ ಮೇಲ್ಮೈಯಿಂದ ಒಂದಿಷ್ಟೇ ಕೆಳಗೆ, ನಡುವಿನಿಂದ ತುಸು ಪಕ್ಕಕ್ಕೆ ಇಟ್ಟು ಹಬೆಯನ್ನು ಪೂರ್ತಿ ಬಿಡಿರಿ.

ಇಲ್ಲಿಂದ ಕೆಲಸ ಎರಡು ಭಾಗ. ಮೊದಲ ಭಾಗ ಗಾಳಿ ಸೇರಿಸುವುದು. ಕಾಗದ ಹರಿದಂತೆ ಚಿಸ್ ಚಿಸ್ ಎಂಬ ಸಣ್ಣ ಸದ್ದು ಬರಬೇಕು. ಲಾಟೆಗೆ ಎರಡು ಮೂರು ಸೆಕೆಂಡು, ಕಪುಚಿನೊಗೆ ಅದಕ್ಕಿಂತ ಸ್ವಲ್ಪ ಹೆಚ್ಚು. ಜಗ್ಗು ಕೈಗೆ ಬೆಚ್ಚಗೆ ತಗಲುವುದರೊಳಗೆ ಇದು ಮುಗಿಯಬೇಕು. ಎರಡನೆಯ ಭಾಗ ಕಡೆಯುವುದು. ಜಗ್ಗನ್ನು ಕೂದಲೆಳೆಯಷ್ಟು ಮೇಲಕ್ಕೆತ್ತಿ ತುದಿಯನ್ನು ಮುಳುಗಿಸಿದರೆ ಸದ್ದು ನಿಂತು ಹಾಲು ಸುಳಿಯಂತೆ ತಿರುಗತೊಡಗುತ್ತದೆ; ಆ ಸುಳಿಯೇ ದೊಡ್ಡ ಗುಳ್ಳೆಗಳನ್ನು ಒಡೆದು ಸಣ್ಣದು ಮಾಡುತ್ತದೆ. 60 ಡಿಗ್ರಿಯ ಸುತ್ತ ನಿಲ್ಲಿಸಬೇಕು. 70 ದಾಟಿದರೆ ಸಿಹಿ ಅಡಗಿ ಬೇಯಿಸಿದ ಹಾಲಿನ ವಾಸನೆ ಬರುತ್ತದೆ, ನೊರೆಯೂ ಸಡಿಲವಾಗುತ್ತದೆ. ಮೊದಲ ತಿಂಗಳು ಥರ್ಮಾಮೀಟರ್ ಇಟ್ಟುಕೊಂಡೇ ಮಾಡಿ, ಜೊತೆಗೆ ಅಂಗೈಯನ್ನು ಜಗ್ಗಿಗೆ ಹಚ್ಚಿ ಆ ಬಿಸಿಯನ್ನು ಗುರುತಿಟ್ಟುಕೊಳ್ಳಿರಿ.

ತಪ್ಪನ್ನು ಕಿವಿಯೇ ಹೇಳುತ್ತದೆ. ಕೀರಲು ಸದ್ದು ಬಂದರೆ ತುದಿ ಬಹಳ ಆಳದಲ್ಲಿದೆ, ಗಾಳಿ ಸೇರುತ್ತಿಲ್ಲ. ಹಾಲು ಬಿಸಿಯಾಗುತ್ತದೆ, ನೊರೆ ಬರುವುದಿಲ್ಲ. ಗುಳುಗುಳು ಎಂದು ಹಾಲು ಸಿಡಿದರೆ ತುದಿ ಮೇಲೆ ಬಂದಿದೆ; ಸಾಬೂನಿನಂಥ ಗುಳ್ಳೆಗಳು ತುಂಬುತ್ತವೆ. ಮುಗಿದೊಡನೆ ಕೊಳವೆಯನ್ನು ಒದ್ದೆಬಟ್ಟೆಯಿಂದ ಒರೆಸಿ ಮತ್ತೊಮ್ಮೆ ಹಬೆ ಊದಿಸಬೇಕು. ಒಣಗಿದ ಹಾಲು ತೂತನ್ನು ಮುಚ್ಚುತ್ತದೆ. ಜಗ್ಗನ್ನು ಒಮ್ಮೆ ಮೆಲ್ಲಗೆ ಕುಟ್ಟಿ, ತಿರುವಿ, ನೊರೆ ಬೇರ್ಪಡುವ ಮೊದಲೇ ಹೊಯ್ಯಬೇಕು. ಒಮ್ಮೆ ಕಾಯಿಸಿದ ಹಾಲಿಗೆ ಮತ್ತೆ ಹಬೆ ಕೊಟ್ಟರೆ ಆ ನುಣುಪು ಬಾರದು.

ಅಭ್ಯಾಸಕ್ಕೆ ಹಾಲು ಚೆಲ್ಲಬೇಕಾದದ್ದಿಲ್ಲ. ಜಗ್ಗಿನಲ್ಲಿ ತಣ್ಣೀರು ಹಾಕಿ ಪಾತ್ರೆ ತೊಳೆಯುವ ಸಾಬೂನಿನ ದ್ರವವನ್ನು ಒಂದೇ ಹನಿ ಬೆರೆಸಿದರೆ, ಹಬೆಗೆ ಅದು ಹೆಚ್ಚುಕಡಮೆ ಹಾಲಿನಂತೆಯೇ ನಡೆದುಕೊಳ್ಳುತ್ತದೆ. ಅಂಗಡಿ ಮುಚ್ಚಿದ ಮೇಲೆ ಹತ್ತು ಸಲ ಹೀಗೆ ಮಾಡಿ, ಜಗ್ಗನ್ನೂ ಕೊಳವೆಯನ್ನೂ ಚೆನ್ನಾಗಿ ತೊಳೆದಿಡಬೇಕು.

ಕಡೆಯದಾಗಿ ಕಾರ್ಡಿನ ವಿಚಾರ. ಜೇಬಿನಲ್ಲಿ ಹಿಡಿಯುವ ಒಂದು ಕಾರ್ಡಿನ ಮೇಲೆ ತಾರೀಖು, ಬೀಜ ಹುರಿದ ದಿನ, ಗ್ರೈಂಡರಿನ ಗುರುತು, ಪುಡಿಯ ತೂಕ, ಕಾಫಿಯ ತೂಕ, ಸೆಕೆಂಡು, ರುಚಿಗೆ ಎರಡು ಪದ, ಇಷ್ಟನ್ನು ಬರೆದಿಡಿರಿ. ಮೇಲಿನ ಉದಾಹರಣೆಯಾದರೆ ‘ಗುರುತು 7, 18, 36, 29, ಸಿಹಿ, ಹಣ್ಣಿನ ಹುಳಿ’ ಎಂದಾಗುತ್ತದೆ. ಮರುದಿನ ಬೆಳಿಗ್ಗೆ 10ರಿಂದಲ್ಲ, 7ರಿಂದಲೇ ಪ್ರಾರಂಭಿಸಬಹುದು. ನಾಲ್ಕು ಶಾಟಿನ ಕೆಲಸ ಎರಡರಲ್ಲಿ ಮುಗಿಯುತ್ತದೆ. ಕಾಫಿ ಏಕೆ ಕೆಟ್ಟಿತೆಂದು ಮೇಲ್ವಿಚಾರಕರು ಕೇಳಿದರೆ, ತಲೆ ಕೆರೆದುಕೊಳ್ಳುವ ಬದಲು ಕಾರ್ಡನ್ನು ಮುಂದಿಟ್ಟು, ಯಾವುದು ನಿಂತಿದೆ, ಯಾವುದು ಸರಿದಿದೆ ಎಂದು ತೋರಿಸಬಹುದು.